ಕೊಯ್ಯದ ಹೊಟ್ಟೆ

ಸತ್ತ ದನವನ್ನು ಕೊಯ್ದು ಕಾರಣ ಹೇಳುವುದರಲ್ಲಿ ನನ್ನಷ್ಟು ಕೈ ಪಳಗಿದವನು ಸುತ್ತಮುತ್ತ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಂಡರೆ ಜಂಬ ಎನ್ನುತ್ತೀರಿ, ಎನ್ನಿ. ಮೂವತ್ತೊಂದು ವರ್ಷದಿಂದ ದನದ ಆಸ್ಪತ್ರೆಯ ಕಾಂಪೌಂಡರ್ ನಾನು. ಈ ಅವಧಿಯಲ್ಲಿ ಹನ್ನೊಂದು ಜನ ಡಾಕ್ಟರು ಬಂದು ಹೋದರು. ಬಂದವರೆಲ್ಲ ಮೊದಲ ವಾರ ನನಗೆ ಪಾಠ ಹೇಳಿದರು, ಎರಡನೇ ವಾರದಿಂದ ನನ್ನನ್ನು ಕೇಳಿ ಕೆಲಸ ಮಾಡಿದರು. ಜನ ನನ್ನನ್ನು ಸೂಜಿ ಎಂದು ಕರೆಯುತ್ತಾರೆ. ಅಕ್ಕ ಮಾತ್ರ ‘ತಮ್ಮಾ’ ಎನ್ನುತ್ತಾಳೆ, ಅಥವಾ ಎನ್ನುತ್ತಿದ್ದಳು.

ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಂದು ಎಮ್ಮೆಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಅಕ್ಕನ ಫೋನು ಬಂತು.

“ತಮ್ಮಾ, ಕಪ್ಪಿ ನಡುಗ್ತಿದೆ. ಬೆಳಿಗ್ಗೆ ಹುಲ್ಲು ತಿಂದಿತ್ತು, ಚೆನ್ನಾಗೇ ಇತ್ತು. ಈಗ ನೋಡಿದ್ರೆ ಕಣ್ಣು ಕೆಂಪಗಾಗಿದೆ, ನಿಂತಲ್ಲೇ ತೂರಾಡ್ತಿದೆ. ಬೇಗ ಬಾ.”

“ನೋವು ಬಂದಿರ್ಬೇಕು ಕಣಕ್ಕ. ದಿನ ತುಂಬಿದೆಯಲ್ಲ.”

“ಐದನೇ ಸೂಲು ಇದು. ನೋವು ಯಾವುದು ಅಂತ ನನಗೆ ಗೊತ್ತಾಗಲ್ವಾ? ಸುಮ್ನೆ ಬಾ.”

ಅಕ್ಕನ ಧ್ವನಿ ಕೇಳಿ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಎಮ್ಮೆಯವನ ಕೈಗೆ ಅದರ ತುದಿ ಕೊಟ್ಟು, ಬೈಕು ಹತ್ತಿದೆ. ಮೂರು ಕಿಲೋಮೀಟರು ದಾರಿ.

ಕಪ್ಪಿಯ ವಿಷಯ ಒಂದಿಷ್ಟು ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಅದರ ತಾಯಿ ಹಳೆಯ ಸುಣ್ಣದ ಗುಂಡಿಗೆ ಬಿದ್ದು ಕತ್ತು ಮುರಿದುಕೊಂಡಿತ್ತು. ತುಂಬು ಗಬ್ಬ. ನಾನು ಅಲ್ಲೇ ಇದ್ದೆ. ಉಸಿರು ನಿಂತ ಕೂಡಲೇ ಪಕ್ಕೆಯ ಹಿಂದೆ ಚಾಕು ಹಾಕಿ, ಗರ್ಭಕೋಶ ಸೀಳಿ, ಕಾಲು ಹಿಡಿದೆಳೆದು ಕರುವನ್ನು ಹೊರಗೆ ತೆಗೆದೆ. ಅದು ಉಸಿರಾಡಲಿಲ್ಲ. ಅಕ್ಕ ಅದರ ಮೂಗಿಗೆ ಬಾಯಿಟ್ಟು ಲೋಳೆ ಹೀರಿ ಉಗುಳಿದಳು, ಸೆರಗಿನಿಂದ ಮೈಯೆಲ್ಲ ತಿಕ್ಕಿದಳು, ತಲೆ ಕೆಳಗೆ ಮಾಡಿ ಬೆನ್ನಿಗೆ ಗುದ್ದಿದಳು. ಕೊನೆಗೆ ಅದು ಸೀನಿತು. ಬಾಟಲಿಯಲ್ಲಿ ಹಾಲು ಕುಡಿದು ಬೆಳೆದದ್ದರಿಂದ ಅದಕ್ಕೆ ತಾನು ದನ ಎನ್ನುವುದೇ ಸರಿಯಾಗಿ ಗೊತ್ತಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಮಗಳ ಮದುವೆಯ ದಿನ ಕಣ್ಣೀರು ಹಾಕದ ನನ್ನ ಅಕ್ಕ ಕಪ್ಪಿಗೆ ಒಂದು ಹೊತ್ತು ಮೇವು ಸೇರದಿದ್ದರೆ ತಾನೂ ಊಟ ಬಿಡುತ್ತಿದ್ದಳು. ಭಾವ ಇದನ್ನೇ ಹಿಡಿದು, “ನಾನು ಮಲಗಿದ್ರೆ ಒಂದು ಮಾತ್ರೆ ಕೊಟ್ಟು ಹೋಗ್ತಾಳೆ, ಕಪ್ಪಿ ಮಲಗಿದ್ರೆ ಊರೇ ಎದ್ದು ಕೂರ್ಬೇಕು,” ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದರು. ದೂರೇನೋ ಹೌದು, ಆದರೆ ಕಪ್ಪಿಯ ಮೈ ಉಜ್ಜುತ್ತಿದ್ದವರು ಅವರೇ.

ನಾನು ಹೋಗುವಷ್ಟರಲ್ಲಿ ಕಪ್ಪಿ ಕೊಟ್ಟಿಗೆಯ ಮುಂದಿನ ಅಂಗಳದಲ್ಲಿ ಬಿದ್ದಿತ್ತು. ಕಾಲು ಎರಡು ಸಲ ಜಾಡಿಸಿತು. ಬಾಯಿ ತೆರೆದು ದೊಡ್ಡದಾಗಿ ಉಸಿರೆಳೆದುಕೊಂಡಿತು, ಬಿಡಲಿಲ್ಲ. ನನ್ನ ಕಣ್ಣೆದುರೇ ಪ್ರಾಣ ಹೋಯಿತು. ಅಕ್ಕ ಅದರ ತಲೆಯ ಬಳಿ ಕುಳಿತಿದ್ದಳು. ಭಾವ ಗೋದಲಿಯ ಪಕ್ಕದ ಮೋಟುಗೋಡೆಗೆ ಒರಗಿ ನಿಂತಿದ್ದರು. ಗೋಡೆಯ ಮೇಲೆ ಒಂದು ಕುರಿಯ ಚರ್ಮ ಒಣಹಾಕಿತ್ತು. ಭಾವನ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಎರಡನ್ನೂ ನೋಡಿದೆ, ಎರಡೂ ತಲೆಗೆ ಹೋಗಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಎದ್ದು ಒಳಗೆ ಓಡಿದಳು. ಹೊರಗೆ ಬಂದಾಗ ಕೈಯಲ್ಲಿ ಚಾಕು ಇತ್ತು, ಹೆಗಲ ಮೇಲೆ ಹಳೆ ಹೊದಿಕೆ ಇತ್ತು.

“ಹಿಡಿ,” ಎಂದಳು. “ಅವತ್ತಿನ ಹಾಗೇ ತೆಗಿ. ಹೊದಿಕೆ ನಾನು ಹಿಡೀತೀನಿ.”

ಚಾಕು ತೆಗೆದುಕೊಂಡೆ. ನಿಜ ಹೇಳುತ್ತೇನೆ, ಕೊಯ್ಯುವುದಕ್ಕೇ ತೆಗೆದುಕೊಂಡದ್ದು. ಎಡಗೈಯಿಂದ ಪಕ್ಕೆ ಒತ್ತಿ ನೋಡಿದೆ. ಒಳಗೆ ಕರು ಒದೆಯಿತು. ಚರ್ಮದ ಕೆಳಗೆ ಗೊರಸಿನ ಆಕಾರ ಅಂಗೈಗೆ ಚೆನ್ನಾಗಿ ತಾಗಿತು. ಚಾಕುವಿನ ತುದಿಯನ್ನು ಜಾಗಕ್ಕೆ ಇಡಬೇಕು ಎನ್ನುವಾಗ ಕಪ್ಪಿಯ ಮೂಗಿನ ಕಡೆ ಕಣ್ಣು ಹೋಯಿತು.

ಮೂಗಿನಿಂದ ರಕ್ತ ಬರುತ್ತಿತ್ತು. ಕೆಂಪಲ್ಲ, ಕಪ್ಪು ಬಣ್ಣ. ಮಣ್ಣಿನ ಮೇಲೆ ಹರಿದು ತಗ್ಗಿನಲ್ಲಿ ನಿಂತಿತ್ತು, ನಿಂತದ್ದು ಹೆಪ್ಪುಗಟ್ಟುತ್ತಿರಲಿಲ್ಲ. ಬಾಲ ಎತ್ತಿ ನೋಡಿದೆ. ಅಲ್ಲೂ ಅದೇ ನೀರು ರಕ್ತ. ಬೆಳಿಗ್ಗೆ ಮೇವು ತಿಂದ ಹಸು, ಗಂಟೆಯೊಳಗೆ ಸಾವು, ಹೆಪ್ಪುಗಟ್ಟದ ರಕ್ತ. ಮೂವತ್ತೊಂದು ವರ್ಷದಲ್ಲಿ ಒಂದೇ ಸಲ ನೋಡಿದ್ದೆ, ಅದೂ ಕೆಲಸಕ್ಕೆ ಸೇರಿದ ಮೊದಲ ವರ್ಷ. ನೆರಡಿ. ಆಂಥ್ರಾಕ್ಸ್.

ಚಾಕು ಹಿಂದಕ್ಕೆ ತೆಗೆದು, “ಅಕ್ಕ, ಕೊಯ್ಯೋ ಹಾಗಿಲ್ಲ. ದೂರ ಸರಿ,” ಎಂದೆ.

“ಏನಂದೆ?”

“ಇದು ನೆರಡಿ ಇರಬಹುದು. ರಕ್ತ ನೋಡು. ಒಳಗೆಲ್ಲ ಆ ಹುಳನೇ ತುಂಬಿರುತ್ತೆ. ಹೊಟ್ಟೆ ಕೊಯ್ಯದೆ ಬಿಟ್ರೆ ಅದು ಒಳಗೇ ಕೊಳೆತು ಸಾಯುತ್ತೆ. ಕೊಯ್ದು ಗಾಳಿ ತಾಗಿಸಿದ್ರೆ ಬೀಜ ಕಟ್ಟುತ್ತೆ. ಆಮೇಲೆ ಈ ಅಂಗಳದ ಮಣ್ಣಲ್ಲಿ ಹತ್ತಾರು ವರ್ಷ ಕೂತಿರುತ್ತೆ. ನಿನ್ನ ಕುರಿಗಳು, ನೀನು, ಯಾರೂ ಉಳಿಯಲ್ಲ.”

“ಒದೀತಿದೆ ಕಣೋ. ಕಾಣಲ್ವಾ? ಇಲ್ಲಿ ನೋಡು, ಒದೀತಿದೆ.”

ಕಾಣುತ್ತಿತ್ತು. ಹೊಟ್ಟೆಯ ಒಂದು ಕಡೆ ಎದ್ದು ತಗ್ಗುತ್ತಿತ್ತು. ಅಕ್ಕ ಚಾಕುವಿಗೆ ಕೈ ಹಾಕಿದಳು. ಕೊಡಲಿಲ್ಲ. ಕಸಿಯಲು ಬಂದಳು. ಚಾಕುವನ್ನು ಕೊಟ್ಟಿಗೆಯ ಮಾಡಿನ ಮೇಲಕ್ಕೆ ಎಸೆದು ಅವಳ ಎರಡೂ ಕೈ ಹಿಡಿದುಕೊಂಡೆ. ಅರವತ್ತೆರಡು ವರ್ಷದ ಹೆಂಗಸು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದೆ.

“ಬಿಡೋ. ಇವಳನ್ನ ಹೀಗೇ ತೆಗ್ದವನು ನೀನೇ ತಾನೇ? ಬಿಡೋ, ನಾನೇ ತೆಗೀತೀನಿ. ಏನ್ರೀ, ನೀವಾದ್ರೂ ಹೇಳ್ರೀ ಇವನಿಗೆ.”

ಭಾವ ಕದಲಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ನನ್ನನ್ನೇ ನೋಡುತ್ತಿದ್ದರು.

ಎಷ್ಟು ಹೊತ್ತೋ ಗೊತ್ತಿಲ್ಲ. ಐದು ನಿಮಿಷ ಎನ್ನುವುದು ಲೆಕ್ಕಕ್ಕೆ ಸರಿ ಇರಬಹುದು, ತಾಯಿಯ ಉಸಿರು ನಿಂತ ಮೇಲೆ ಕರು ಅಷ್ಟೇ ತಡೆಯುವುದು. ಒದೆತ ಮೊದಲು ಜೋರಾಯಿತು. ಆಮೇಲೆ ನಡುವೆ ನಡುವೆ ನಿಂತಿತು. ಒಂದು ಸಲ ಪೂರ್ತಿ ನಿಂತಿತು ಎಂದುಕೊಂಡೆ, ಮತ್ತೆ ಒಂದು ಸಣ್ಣ ಅಲುಗಾಟ. ಅದಾದ ಮೇಲೆ ಏನೂ ಇಲ್ಲ. ಅಕ್ಕನ ಕೈಗಳಲ್ಲಿ ಬಲ ಹೋಯಿತು. ನಾನು ಬಿಟ್ಟೆ. ಅವಳು ಹೊದಿಕೆಯನ್ನು ಮಡಿಸಿದಳು, ನಾಲ್ಕು ಮಡಿಕೆ, ತುದಿಗೆ ತುದಿ ಸೇರಿಸಿ. ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

“ನಿನ್ನ ಕೈಯಲ್ಲೇ ಬಂದಿತ್ತು, ನಿನ್ನ ಕೈಯಲ್ಲೇ ಹೋಯ್ತು,” ಎಂದಷ್ಟೇ ಹೇಳಿ ಒಳಗೆ ಹೋದಳು.

ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಬರುವಷ್ಟರಲ್ಲಿ ಒಂದು ಗಂಟೆ. ಆ ಹೊತ್ತಿನಲ್ಲಿ ಕುರಿಗಳನ್ನು ದೊಡ್ಡಿಯಿಂದ ಹೊರಗೆ ಬಿಡಬೇಡಿ ಎಂದೆ, ನಾಯಿಯನ್ನು ಕಟ್ಟಿಸಿದೆ, ಕಾಗೆಗಳಿಗೆ ಕಲ್ಲು ಬೀರುತ್ತ ಹೆಣದ ಪಕ್ಕ ನಿಂತೆ. ಕಪ್ಪಿಯ ಹೊಟ್ಟೆ ನೋಡುತ್ತಿದ್ದ ಹಾಗೇ ಊದುತ್ತಿತ್ತು. ಹೆಣ ಇಷ್ಟು ಹೊತ್ತಿಗೆ ಸೆಟೆಯಬೇಕಿತ್ತು. ಕಾಲನ್ನು ಕೋಲಿನಿಂದ ತಳ್ಳಿದರೆ ಮೆತ್ತಗೆ ಮಡಚಿಕೊಳ್ಳುತ್ತಿತ್ತು. ಇದೂ ನೆರಡಿಯ ಗುರುತೇ. ಆದರೆ ಗುರುತು ಎಂದರೆ ಗುರುತು ಅಷ್ಟೇ. ಹಾವು ಕಚ್ಚಿದ್ದರೆ? ವಿಷದ ಸೊಪ್ಪು ತಿಂದಿದ್ದರೆ? ಹಾಗಿದ್ದರೆ ನಾನು ಜೀವವಿದ್ದ ಕರುವನ್ನು ಸುಮ್ಮನೆ ನಿಂತು ಕೊಂದ ಹಾಗಾಯಿತಲ್ಲ.

ಡಾಕ್ಟರಮ್ಮ ಕೆಲಸಕ್ಕೆ ಸೇರಿ ಎರಡು ವರ್ಷ. ನನ್ನ ಮಗಳಿಗಿಂತ ಚಿಕ್ಕವರು. ನಾನು ಹೇಳಿದ ಯಾವ ಮಾತನ್ನೂ ಹಾಗೇ ಒಪ್ಪದವರು ಎಂದು ನನಗೆ ಅವರ ಮೇಲೆ ಸ್ವಲ್ಪ ಕೋಪವಿತ್ತು. ಅವರು ಜೀಪಿನಿಂದ ಇಳಿದವರು ಹೆಣವನ್ನು ಮೂರು ಹೆಜ್ಜೆ ದೂರದಿಂದಲೇ ಒಂದು ಸುತ್ತು ನೋಡಿದರು. ಎರಡು ಜೊತೆ ಕೈಗವಸು, ಮುಖಕ್ಕೆ ಮಾಸ್ಕು, ಗಂಬೂಟು ಹಾಕಿಕೊಂಡರು. ಕಿವಿಯ ತುದಿಯ ನರಕ್ಕೆ ಸೂಜಿ ಚುಚ್ಚಿ ಒಂದೇ ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದು ಸವರಿದರು. ಚುಚ್ಚಿದ ಜಾಗಕ್ಕೆ ಫಾರ್ಮಲಿನ್‌ನಲ್ಲಿ ಅದ್ದಿದ ಹತ್ತಿ ಒತ್ತಿದರು. ಅಂಥದೇ ಹತ್ತಿಯನ್ನು ಮೂಗಿಗೆ, ಬಾಯಿಗೆ, ಹಿಂದುಗಡೆಗೆ ನಾವಿಬ್ಬರೂ ತುರುಕಿದೆವು.

“ಯಾರೂ ಚಾಕು ಹಾಕಿಲ್ಲ ತಾನೇ?” ಎಂದರು.

“ಇಲ್ಲ ಮೇಡಂ.”

“ತುಂಬು ಗಬ್ಬ ಅಂದ್ರಿ ಫೋನ್‌ನಲ್ಲಿ. ನೀವು ಹೇಗೆ ತಡೆದ್ರಿ?”

“ತಡೆದೆ,” ಎಂದೆ.

ಭಾವನನ್ನು ಕಾವಲಿಗೆ ಬಿಟ್ಟು ನಾವು ಆಸ್ಪತ್ರೆಗೆ ಹೋದೆವು. ನಮ್ಮ ಪ್ರಯೋಗಾಲಯ ಎಂದರೆ ಔಷಧಿ ಕೋಣೆಯ ಮೂಲೆಯ ಒಂದು ಮೇಜು. ಕಿಟಕಿಯ ಬೆಳಕಿಗೆ ಎದುರಾಗಿ ಮೈಕ್ರೋಸ್ಕೋಪು, ಅದರ ಮೇಲೆ ಹಳೆಯ ತಲೆದಿಂಬಿನ ಚೀಲ ಹೊದಿಸಿದ್ದು. ಗಾಜನ್ನು ನಾನೇ ಬಿಸಿ ಮಾಡಿದೆ, ನಾನೇ ನೀಲಿ ಬಣ್ಣ ಹಾಕಿದೆ, ನಾನೇ ತೊಳೆದೆ. ಸಾವಿರ ಸಲ ಮಾಡಿದ ಕೆಲಸ, ಆದರೂ ಬಣ್ಣ ಮೇಜಿಗೆಲ್ಲ ಚೆಲ್ಲಿತು.

ಆ ಗಾಜು ಒಣಗುವಷ್ಟು ಹೊತ್ತು ನಾನು ಏನು ಬೇಡಿಕೊಂಡೆ ಗೊತ್ತೇ? ನೆರಡಿಯೇ ಆಗಿರಲಿ ಎಂದು. ಅಕ್ಕನ ಮನೆಯಲ್ಲಿ, ಅಕ್ಕನ ಅಂಗಳದಲ್ಲಿ, ಮನುಷ್ಯರನ್ನೂ ಬಿಡದ ಆ ಕೆಟ್ಟ ರೋಗವೇ ಆಗಿರಲಿ, ನಾನು ಮಾಡಿದ್ದು ಸರಿ ಎಂದಾಗಲಿ ಎಂದು. ಇಷ್ಟು ನೀಚ ಮನಸ್ಸು ನನ್ನದು ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಬಿಟ್ಟು, “ನೀವೂ ನೋಡಿ,” ಎಂದರು.

ಕಣ್ಣಿಟ್ಟೆ. ನೀಲಿ ಕಡ್ಡಿಗಳು. ತುದಿ ಚೌಕವಾಗಿ ಕತ್ತರಿಸಿದ ಹಾಗೆ. ಎರಡು ಮೂರು ಒಂದರ ಬಾಲಕ್ಕೆ ಒಂದು ಸೇರಿ ಸಣ್ಣ ಸರಪಳಿ. ಪ್ರತಿಯೊಂದರ ಸುತ್ತ ತಿಳಿಗೆಂಪು ಅಂಚು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಎದೆಯ ಮೇಲಿನ ಭಾರ ಇಳಿದು ದೊಡ್ಡ ಉಸಿರು ಬಿಟ್ಟೆ.

“ನೀವು ಕೊಯ್ಯದೆ ಇದ್ದದ್ದು ಒಳ್ಳೇದಾಯ್ತು,” ಎಂದರು ಡಾಕ್ಟರಮ್ಮ. “ಆ ಕರು ಹೊರಗೆ ಬರ್ತಿದ್ದದ್ದೇ ಈ ರಕ್ತದಲ್ಲಿ ಮಿಂದು. ನಿಮ್ಮ ಕೈ ಮೊಣಕೈವರೆಗೆ ಇದರಲ್ಲೇ ಇರ್ತಿತ್ತು. ನಿಮ್ಮ ಅಕ್ಕ ಬಾಯಿಟ್ಟು ಉಸಿರು ಕೊಡ್ತಿದ್ರೋ ಏನೋ.” ಕೈ ತೊಳೆಯುತ್ತ, “ಆದ್ರೆ ಹಸುಗೆ ಎಲ್ಲಿಂದ ಬಂತು? ಈ ಕಡೆ ಇಪ್ಪತ್ತೈದು ಮೂವತ್ತು ವರ್ಷದಿಂದ ಇಲ್ಲ, ಅದಕ್ಕೇ ಲಸಿಕೆನೂ ಹಾಕಿಲ್ಲ. ಇತ್ತೀಚೆಗೆ ಆ ಮನೆಯಲ್ಲಿ ಬೇರೆ ಯಾವುದಾದ್ರೂ ಹೀಗೆ ಇದ್ದಕ್ಕಿದ್ದ ಹಾಗೆ ಸತ್ತಿತ್ತಾ?” ಎಂದು ಕೇಳಿದರು.

ಆಗ ಮೋಟುಗೋಡೆಯ ಮೇಲಿನ ಚರ್ಮ ನೆನಪಿಗೆ ಬಂತು. ಅದರ ಹಿಂದೆಯೇ ಒಂದು ಫೋನು.

ಒಂಬತ್ತು ದಿನದ ಹಿಂದೆ ಭಾವ ಫೋನು ಮಾಡಿದ್ದರು. ಅದು ಲಸಿಕೆ ದಿನವಲ್ಲದಿದ್ದರೂ ಆಸ್ಪತ್ರೆಯಲ್ಲಿ ಜಾತ್ರೆಯಂತೆ ಜನ. ಒಂದು ಕೈಯಲ್ಲಿ ಸಿರಿಂಜು, ಕಿವಿ ಮತ್ತು ಹೆಗಲ ನಡುವೆ ಫೋನು. “ಭಾಮೈದ, ಒಂದು ಕುರಿ ಹೋಯ್ತು. ಬೆಳಿಗ್ಗೆ ನೆಟ್ಟಗಿತ್ತು, ಮಧ್ಯಾಹ್ನ ನೋಡಿದ್ರೆ ಬಿದ್ದಿದೆ,” ಎಂದಿದ್ದರು. ಮಳೆ ಬಿದ್ದು ಎಳೆ ಹುಲ್ಲು ಬಂದ ಕಾಲ. ಆ ಹುಲ್ಲು ಮಿತಿಮೀರಿ ತಿಂದ ಕುರಿ ಕರುಳುಬೇನೆಯಲ್ಲಿ ಹೀಗೇ ಇದ್ದಕ್ಕಿದ್ದಂತೆ ಸಾಯುತ್ತದೆ. ವರ್ಷಕ್ಕೆ ಇಪ್ಪತ್ತು ನೋಡುತ್ತೇನೆ. ನೋಡದೆಯೇ ಹೇಳಿಬಿಟ್ಟೆ. “ಕರುಳುಬೇನೆ ಭಾವ. ಕೊಯ್ದು ನೋಡಿ, ಕರುಳು ಕೆಂಪಗಿರುತ್ತೆ. ಉಳಿದವನ್ನ ಎರಡು ದಿನ ಹುಲ್ಲಿಗೆ ಬಿಡಬೇಡಿ.” ಭಾವ, “ಅಲ್ಲ ಕಣಯ್ಯ, ಮೂಗಲ್ಲಿ…” ಎಂದು ಏನೋ ಹೇಳಹೊರಟಿದ್ದರು. “ಆಮೇಲೆ ಮಾಡ್ತೀನಿ ಭಾವ, ಜನ ನಿಂತಿದಾರೆ,” ಎಂದು ಇಟ್ಟುಬಿಟ್ಟೆ. ಆಮೇಲೆ ಮಾಡಲಿಲ್ಲ.

“ಒಂದು ಕುರಿ ಸತ್ತಿತ್ತು ಮೇಡಂ,” ಎಂದೆ. “ಒಂಬತ್ತು ದಿನ ಆಯ್ತು.”

“ಕೊಯ್ದಿದ್ರಾ?”

“ಹ್ಞೂಂ. ಭಾವ ಕೊಯ್ದಿದ್ರು.”

ಅಷ್ಟೇ ಹೇಳಿದೆ. ಕೊಯ್ಯಿರಿ ಎಂದವನು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. ಮೂರು ಕಿಲೋಮೀಟರು ಮುಗಿದೇ ಹೋಯಿತು.

ಭಾವ ಹೆಣದಿಂದ ಸ್ವಲ್ಪ ದೂರದಲ್ಲಿ ಕೋಲು ಹಿಡಿದು ಕುಳಿತಿದ್ದರು. ಡಾಕ್ಟರಮ್ಮ ನೇರ ಅವರ ಬಳಿ ಹೋಗಿ, “ಯಜಮಾನ್ರೇ, ಆ ಕುರಿ ವಿಷಯ ಹೇಳಿ. ಏನನ್ನೂ ಬಿಡಬೇಡಿ,” ಎಂದರು.

ಭಾವ ಹೇಳಿದರು. ಮೂಗಿನಲ್ಲಿ ಕಪ್ಪು ರಕ್ತವಿತ್ತು. ಕೊಯ್ದಾಗ ರಕ್ತ ನೀರಿನ ಹಾಗೆ ಹರಿಯಿತು. ಗುಲ್ಮ ಮಾಮೂಲಿಗಿಂತ ಮೂರು ಪಾಲು ದೊಡ್ಡದಾಗಿ, ಮುಟ್ಟಿದರೆ ಕಪ್ಪು ಕೆಸರಿನ ಹಾಗೆ ಒಡೆಯಿತು. ಹೇಸಿಗೆಯಾಗಿ ಮಾಂಸ ಯಾರೂ ತಿನ್ನಲಿಲ್ಲ, ಕೊಟ್ಟಿಗೆಯ ಹಿಂದೆ ಮೊಣಕಾಲುದ್ದ ಗುಂಡಿ ತೋಡಿ ಮುಚ್ಚಿದರು. ಚರ್ಮವಾದರೂ ಇರಲಿ ಎಂದು ಸುಲಿದು ಉಪ್ಪು ಹಚ್ಚಿ ಮೋಟುಗೋಡೆಯ ಮೇಲೆ ಹರವಿದರು.

“ಉಪ್ಪು,” ಎಂದರು ಡಾಕ್ಟರಮ್ಮ. ಗೋದಲಿಯನ್ನೂ ಗೋಡೆಯನ್ನೂ ನೋಡಿದರು. ನಡುವೆ ಒಂದು ಮಾರು ಅಂತರ. “ಹಸು ಇದನ್ನ ನೆಕ್ಕುತ್ತಿತ್ತಾ?”

ಭಾವ ಅಕ್ಕನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಉತ್ತರ ಕೊಟ್ಟಳು. “ದಿನಾ ನೆಕ್ಕುತ್ತಿತ್ತು. ಗಬ್ಬದ ಬಯಕೆ, ನೆಕ್ಕಲಿ ಅಂತ ನಾನೇ ಹಗ್ಗ ಉದ್ದ ಬಿಟ್ಟಿದ್ದೆ.”

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಅವರು ಸಿಟ್ಟು ಮಾಡುತ್ತಾರೆ ಎಂದುಕೊಂಡೆ, ಮಾಡಲಿಲ್ಲ. “ಕೈಗೆ ಏನಾಗಿದೆ, ಬಟ್ಟೆ ಬಿಚ್ಚಿ,” ಎಂದರು ಭಾವನಿಗೆ.

ಮಣಿಕಟ್ಟಿನ ಮೇಲೆ ಒಂದು ಹುಣ್ಣು. ಸುತ್ತ ನೀರು ತುಂಬಿದ ಸಣ್ಣ ಗುಳ್ಳೆಗಳು, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ. ಕೈ ಮೊಣಕೈವರೆಗೆ ಊದಿತ್ತು.

“ನೋವೇ ಇಲ್ಲ ಡಾಕ್ಟ್ರೇ. ಅದಕ್ಕೇ ಯಾರಿಗೂ ಹೇಳಲಿಲ್ಲ. ನಿನ್ನೆಯಿಂದ ಸ್ವಲ್ಪ ಜ್ವರ, ಅಷ್ಟೇ.”

“ನೋವಿಲ್ಲದೆ ಇರೋದೇ ಇದರ ಕೆಟ್ಟ ಗುಣ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಈಗ ಅಂದ್ರೆ ಈಗ. ಔಷಧಿ ಇದೆ, ವಾಸಿಯಾಗುತ್ತೆ. ತಡ ಮಾಡಿದ್ರೆ ರಕ್ತಕ್ಕೆ ಸೇರುತ್ತೆ, ಆಮೇಲೆ ನಾನು ಏನೂ ಹೇಳೋಕಾಗಲ್ಲ.” ಚೀಟಿ ಬರೆದು, ಆಸ್ಪತ್ರೆಗೆ ತಾವೇ ಫೋನು ಮಾಡಿ, ಜೀಪಿನ ಚಾಲಕನನ್ನು ಕರೆದರು.

ಭಾವ ಹೊರಡುವಾಗ ನನ್ನನ್ನು ಕೊಟ್ಟಿಗೆಯ ಮರೆಗೆ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು. “ಆ ಫೋನಿನ ಮಾತು ಅವಳ ಹತ್ತಿರ ಎತ್ತಬೇಡ. ಯಾರನ್ನೂ ಕೇಳದೆ ನಾನೇ ಕೊಯ್ದೆ ಅಂತ ಹೇಳಿದೀನಿ.”

“ಭಾವ, ಹೇಳಿದ್ದು ನಾನಲ್ವಾ.”

“ನೀನೇ. ಆದ್ರೆ ಕಪ್ಪಿ ಹೋಯ್ತು, ಕರು ಹೋಯ್ತು, ನನ್ನದು ಏನಾಗುತ್ತೋ ಗೊತ್ತಿಲ್ಲ. ಒಬ್ಬ ತಮ್ಮನಾದ್ರೂ ಇರ್ಲಿ ಅವಳಿಗೆ.” ಜೀಪು ಹತ್ತುವಾಗ ನಗಲು ನೋಡಿದರು. “ನನಗೂ ಈಗ ಕಪ್ಪಿಗೆ ಮಾಡೋ ಉಪಚಾರ ಸಿಗುತ್ತೆ ನೋಡು.”

ಮಧ್ಯಾಹ್ನವಿಡೀ ಗುಂಡಿಯ ಕೆಲಸ. ಸುಡುವುದೇ ಎಲ್ಲಕ್ಕಿಂತ ಒಳ್ಳೆಯದು ಎಂದರು ಡಾಕ್ಟರಮ್ಮ. ಆದರೆ ಒಂದು ಹಸುವನ್ನು ಬೂದಿಯಾಗುವವರೆಗೆ ಸುಡಲು ಲಾರಿಗಟ್ಟಲೆ ಸೌದೆ ಬೇಕು, ಇಲ್ಲೋ ಸುತ್ತ ಹುಲ್ಲಿನ ಮೆದೆ, ಮನೆ. ಹಾಗಾಗಿ ಹೂಳುವುದು ಎಂದಾಯಿತು. ಹೆಣವನ್ನು ಎಳೆದಾಡಿದರೆ ದಾರಿಯುದ್ದಕ್ಕೂ ರಕ್ತ ಚೆಲ್ಲುತ್ತದೆ, ಬಿದ್ದ ಜಾಗದ ಪಕ್ಕದಲ್ಲೇ ತೋಡಬೇಕು. ಬಾವಿ ದೂರ, ಜಾಗ ಎತ್ತರ, ಅಂತರ್ಜಲ ಆಳದಲ್ಲಿದೆ ಎಂದು ಖಾತ್ರಿ ಮಾಡಿಕೊಂಡು ಜೆಸಿಬಿ ತರಿಸಿದರು. ನಾನು ಅಭ್ಯಾಸಬಲದಿಂದ ಸುಣ್ಣದ ಮೂಟೆ ತಂದೆ.

“ಅದು ಬೇಡ,” ಎಂದರು. “ಸುಣ್ಣ ಇದರ ಬೀಜನ ಕೊಲ್ಲಲ್ಲ. ಇನ್ನೂ ಹೆಚ್ಚು ಕಾಲ ಉಳಿಸುತ್ತೆ ಅಂತಾರೆ.”

ಮೂವತ್ತೊಂದು ವರ್ಷ ಸುಣ್ಣ ಹಾಕುತ್ತ ಬಂದವನು ನಾನು. ಮೂಟೆಯನ್ನು ಎತ್ತಿಕೊಂಡು ಹೋಗಿ ವಾಪಸು ಇಟ್ಟು ಬಂದೆ. ಬೇರೆ ದಿನವಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ.

ಗುಂಡಿ ಎರಡಾಳಿಗಿಂತ ಆಳವಾಯಿತು. ಹೆಣದ ಮೇಲೆ ಒಂದಾಳಿಗೂ ಮಿಕ್ಕಿ ಮಣ್ಣು ಕೂರಬೇಕು, ನಾಯಿ ನರಿ ಕೆದಕಬಾರದು. ಕಪ್ಪಿಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಗುರವಾಗಿ ಉರುಳಿಸಿ ಇಳಿಸಿದೆವು. ಅದು ಬಿದ್ದಿದ್ದ ಜಾಗದ ಮಣ್ಣನ್ನು ಗೇಣುದ್ದ ಕೆರೆದು ಗುಂಡಿಗೆ ಹಾಕಿದೆವು. ಆ ಕುರಿಯ ಚರ್ಮ, ಅದನ್ನು ಕೊಯ್ದ ಚಾಕು, ಕೊಟ್ಟಿಗೆ ಹಿಂದಿನ ಮೋಟು ಗುಂಡಿಯಲ್ಲಿದ್ದದ್ದು, ಕಪ್ಪಿಯ ಹಗ್ಗ, ಅರ್ಧ ತಿಂದ ಹುಲ್ಲು, ನಮ್ಮ ಕೈಗವಸು, ಎಲ್ಲವೂ ಒಳಗೆ. ಕೆರೆದ ನೆಲಕ್ಕೂ ಗೋಡೆಗೂ ಫಾರ್ಮಲಿನ್ ಸುರಿದೆವು. ಆ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ನನಗೆ ಅದೊಂದು ನೆಪವಾಯಿತು.

ಮಣ್ಣು ಮುಚ್ಚುತ್ತಿರುವಾಗ ದೊಡ್ಡಾಸ್ಪತ್ರೆಯಿಂದ ಫೋನು ಬಂತು. ಭಾವನನ್ನು ಸೇರಿಸಿಕೊಂಡು ಇಂಜೆಕ್ಷನ್ ಶುರು ಮಾಡಿದ್ದಾರೆ, ಸರಿಯಾದ ಹೊತ್ತಿಗೆ ಬಂದಿದ್ದಾರೆ, ಭಯವಿಲ್ಲ ಎಂದರು. ಡಾಕ್ಟರಮ್ಮ ಅದನ್ನು ಅಕ್ಕನಿಗೆ ಹೇಳಿ, ಮನೆಯವರೂ ಒಂದು ಕೋರ್ಸು ಮಾತ್ರೆ ತೆಗೆದುಕೊಳ್ಳಬೇಕಾಗಬಹುದು, ನಾಳೆ ಆರೋಗ್ಯ ಇಲಾಖೆಯವರು ಬರುತ್ತಾರೆ, ನಾವು ಕುರಿಗಳ ಜ್ವರ ನೋಡಿ ಸರಿಯಿದ್ದವಕ್ಕೆ ಲಸಿಕೆ ಹಾಕುತ್ತೇವೆ ಎಂದು ತಿಳಿಸಿ ಹೊರಟರು. ಜೆಸಿಬಿಯೂ ಹೋಯಿತು. ಅಂಗಳದಲ್ಲಿ ನಾನು, ಅಕ್ಕ, ಹೊಸ ಮಣ್ಣಿನ ದಿಬ್ಬ. ಇನ್ನೂ ಬೆಳಕಿತ್ತು. ನಾನು ದಿಬ್ಬದ ಸುತ್ತ ಮುಳ್ಳುಬೇಲಿ ಕಟ್ಟಲು ಕುಳಿತೆ. ಅಕ್ಕ ಬಂದು ಎದುರು ನಿಂತಳು.

“ಅದು ಗಂಡೋ ಹೆಣ್ಣೋ?” ಎಂದಳು.

“ಗೊತ್ತಿಲ್ಲಕ್ಕಾ.”

“ನೀನು ಕೈಯಿಟ್ಟು ನೋಡಿದ್ಯಲ್ಲ.”

“ಹೊರಗಿಂದ ಗೊತ್ತಾಗಲ್ಲ.”

ಅವಳು ತಲೆಯಾಡಿಸಿದಳು. ದಿಬ್ಬದ ಮೇಲಿನ ಒಂದು ಹೆಂಟೆಯನ್ನು ಕಾಲಿಂದ ಒತ್ತಿ ಪುಡಿ ಮಾಡಿದಳು. “ನಿನ್ನ ಮೇಲೆ ಬೆಳಿಗ್ಗೆ ಕೂಗಾಡಿದೆ,” ಎಂದಳು. “ಡಾಕ್ಟರಮ್ಮ ಎಲ್ಲ ಹೇಳಿದ್ರು. ನೀನು ಕೈ ಹಿಡೀದೆ ಇದ್ದಿದ್ರೆ ನಾನೂ ಇವತ್ತು ನಿಮ್ಮ ಭಾವನ ಪಕ್ಕದ ಹಾಸಿಗೆಯಲ್ಲಿ ಇರ್ತಿದ್ನಂತೆ. ಅವರು ಯಾರನ್ನೂ ಕೇಳದೆ ಕುರಿ ಕೊಯ್ದು ಇಷ್ಟಕ್ಕೆ ತಂದ್ರು. ವಾಸಿಯಾಗಿ ಬರ್ಲಿ, ಮಾಡ್ತೀನಿ ಅವರಿಗೆ.”

ಸುಮ್ಮನಿರಬಹುದಿತ್ತು. ಭಾವ ದಾರಿ ಮಾಡಿಕೊಟ್ಟಿದ್ದರು, ಅಕ್ಕ ಕ್ಷಮಿಸಿಯೂ ಆಗಿತ್ತು. ಮುಳ್ಳಿನ ಕಟ್ಟು ಕೈಯಿಂದ ಕೆಳಗೆ ಬಿತ್ತು. ಜ್ವರದಲ್ಲಿ ಮಲಗಿದವರ ತಲೆಗೆ ನನ್ನ ತಪ್ಪು ಕಟ್ಟಿ ನಾನು ಇವಳ ಎದುರು ಒಳ್ಳೆಯವನಾಗಿ ಕೂರಲಾರೆ ಎನ್ನಿಸಿತು.

“ಕೇಳಿದ್ರು ಅಕ್ಕ,” ಎಂದೆ. “ನನ್ನ ಕೇಳಿದ್ರು. ಫೋನ್ ಮಾಡಿದ್ರು. ಮೂಗಲ್ಲಿ ರಕ್ತ ಅಂತ ಹೇಳಕ್ಕೂ ಹೊರಟಿದ್ರು. ನಾನು ಬಂದು ನೋಡಲಿಲ್ಲ, ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಕರುಳುಬೇನೆ, ಕೊಯ್ದು ನೋಡಿ ಅಂದವನು ನಾನು.”

ಅಕ್ಕ ನನ್ನನ್ನು ನೋಡಿದಳು. ಕೋಪ ಬರುತ್ತದೆ ಎಂದು ಕಾದೆ. ಬಂದದ್ದು ಕೋಪವಲ್ಲ. ಏನೋ ಅರ್ಥವಾಗದವಳ ಹಾಗೆ, ಲೆಕ್ಕ ತಪ್ಪಿದವಳ ಹಾಗೆ ಅವಳ ಹುಬ್ಬು ಗಂಟಾಯಿತು.

“ಅವತ್ತು ಕೊಯ್ಯಿ ಅಂದೆ,” ಎಂದಳು ನಿಧಾನವಾಗಿ. “ಇವತ್ತು ಕೊಯ್ಯಬೇಡ ಅಂದೆ. ಎರಡು ಸಲಾನೂ ನಾವು ನಿನ್ನ ಮಾತು ಕೇಳಿದ್ವಲ್ಲೋ.”

ಅವಳು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ನಾನು ಕೆಳಗೆ ಬಿದ್ದ ಮುಳ್ಳನ್ನು ಎತ್ತಿಕೊಂಡು ಬೇಲಿ ಕಟ್ಟಿ ಮುಗಿಸಿದೆ.